ಹೊಸ ವರ್ಷದ ಜಿಮ್ ಫ್ಲೆಕ್ಸ್: ಪ್ರಿಂಟಿಗೆ ಕೊಡುವ ಮುನ್ನ ಲೆಕ್ಕ ಹಾಕಿ

ಎಳ್ಳಮಾವಾಸ್ಯೆಯ ಭಜ್ಜಿ, ಸಜ್ಜೆ ಕಡುಬು ಉಂಡ ಮೇಲೆ ಮೈ ಇಳಿಸುವ ಯೋಚನೆ ಬರುವ ಕಾಲವಿದು. ಕಲಬುರಗಿಯ ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಜಿಮ್‌ಗಳಿಗೆ ಹೆಚ್ಚು ಅಡ್ಮಿಷನ್ ಆಗುವುದೂ ಈಗಲೇ. ನೀವು ಜಿಮ್ ಮಾಲೀಕರು, ನಿಮ್ಮ ಫ್ಲೆಕ್ಸ್ ಹೀಗೆ ತಯಾರಾಗಿದೆ ಎಂದುಕೊಳ್ಳಿ: ‘30 ದಿನದಲ್ಲಿ 15 ಕೆಜಿ ಇಳಿಸಿ, 100% ಗ್ಯಾರಂಟಿ! ಶುಗರ್, ಬಿಪಿ ಮಾಯ! ವರ್ಷಕ್ಕೆ ₹4,999 ಮಾತ್ರ*’. ಇದನ್ನು ಒಂದೊಂದೇ ಮಾತಾಗಿ ಸರಿ ಮಾಡೋಣ.

ಮೊದಲು ಕೆಜಿಯ ಲೆಕ್ಕ. ಒಂದು ಕೆಜಿ ಕೊಬ್ಬು ಕರಗಬೇಕಾದರೆ, ತಿಂದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ಖರ್ಚಾಗಬೇಕು. 15 ಕೆಜಿಗೆ ಅದು 1,15,500. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 3,850. ಕುಳಿತು ಕೆಲಸ ಮಾಡುವ ಹೆಚ್ಚಿನವರ ದೇಹ ಇಡೀ ದಿನ ಖರ್ಚು ಮಾಡುವುದೇ 1,600ರಿಂದ 2,500 ಕ್ಯಾಲೊರಿ. ಒಂದು ತುತ್ತೂ ತಿನ್ನದೆ ಇದ್ದರೂ ಈ ಲೆಕ್ಕ ಕೂಡುವುದಿಲ್ಲ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಎಂಬುದು ಸಾಮಾನ್ಯವಾಗಿ ಒಪ್ಪಿದ ವೇಗ.

‘ನಮ್ಮಲ್ಲಿ ಒಬ್ಬರು ಮೊದಲ ವಾರವೇ ಮೂರು ಕೆಜಿ ಇಳಿದಿದ್ದಾರೆ’ ಎಂದು ನೀವು ಹೇಳಬಹುದು. ಇಳಿದಿರಬಹುದು, ಆದರೆ ಅದರಲ್ಲಿ ಬಹುಪಾಲು ನೀರು. ರೊಟ್ಟಿ, ಅನ್ನ ಕಡಿಮೆ ಮಾಡಿದ ಕೂಡಲೇ ದೇಹದಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗಿ, ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಮತ್ತೆ ಉಂಡರೆ ಆ ತೂಕ ವಾಪಸ್ ಬರುತ್ತದೆ. ಮೊದಲ ವಾರದ ಅಂಕಿಯನ್ನು ನಾಲ್ಕರಿಂದ ಗುಣಿಸಿ ಫ್ಲೆಕ್ಸ್ ಮೇಲೆ ಹಾಕಬೇಡಿ.

ಆಮೇಲೆ ನಿಮ್ಮ ರಿಜಿಸ್ಟರ್ ತೆರೆಯಿರಿ. ಕಳೆದ ಜನವರಿಯಲ್ಲಿ 40 ಮಂದಿ ಸೇರಿದ್ದರು, ಮೂರು ತಿಂಗಳು ಬಿಡದೆ ಬಂದವರು 18, ಅವರಲ್ಲಿ 11 ಮಂದಿ 3ರಿಂದ 6 ಕೆಜಿ ಇಳಿದರು ಎಂದಿಟ್ಟುಕೊಳ್ಳಿ. ‘ನಮ್ಮ ಸದಸ್ಯರು 6 ಕೆಜಿ ಇಳಿದರು’ ಎಂದರೆ ಬಿಟ್ಟುಹೋದ 22 ಮಂದಿಯನ್ನು ಮುಚ್ಚಿಟ್ಟಂತಾಯಿತು. ಮೂರೂ ಅಂಕಿ ಹಾಕಿ. ತೂಕದ ದಾಖಲೆಯೇ ಇಲ್ಲದಿದ್ದರೆ ಕೆಜಿಯ ಮಾತು ಬಿಟ್ಟು, ಏನು ಕೊಡುತ್ತೀರೋ ಅದನ್ನೇ ಬರೆಯಿರಿ: ಸಮಯ, ಟ್ರೇನರ್ ಎಷ್ಟು ಜನ, ಮಹಿಳೆಯರಿಗೆ ಬೇರೆ ಬ್ಯಾಚ್ ಉಂಟೋ ಇಲ್ಲವೋ. ಮೊದಲು-ನಂತರದ ಫೋಟೊ ಹಾಕುವುದಾದರೆ ನಿಮ್ಮದೇ ಸದಸ್ಯರದ್ದಾಗಿರಲಿ, ಅವರ ಲಿಖಿತ ಒಪ್ಪಿಗೆ ಇರಲಿ. ಬೆಳಕು, ನಿಲುವು ಎರಡರಲ್ಲೂ ಒಂದೇ ಆಗಿರಲಿ. ನಡುವೆ ಎಷ್ಟು ತಿಂಗಳಾಯಿತು ಎಂದೂ ಬರೆಯಿರಿ.

‘ಶುಗರ್, ಬಿಪಿ ಮಾಯ’ ಪೂರ್ತಿ ತೆಗೆಯಿರಿ. ನನಗೆ ಅತಿ ಹೆಚ್ಚು ಆತಂಕ ತರುವ ಮಾತು ಇದೇ. ವ್ಯಾಯಾಮದಿಂದ ಶುಗರ್ ಹತೋಟಿಗೆ ನೆರವಾಗುತ್ತದೆ, ನಿಜ. ಆದರೆ ಫ್ಲೆಕ್ಸ್ ನಂಬಿ ಗುಳಿಗೆ ಬಿಟ್ಟವರ ಗತಿ ಏನು? ಇನ್ಸುಲಿನ್ ಅಥವಾ ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೆ ಹೊಸದಾಗಿ ಜೋರು ವ್ಯಾಯಾಮ ಶುರುಮಾಡಿದಾಗ ಶುಗರ್ ಇದ್ದಕ್ಕಿದ್ದಂತೆ ಇಳಿದು, ಬೆವರಿ, ನಡುಗಿ ಬೀಳುವ ಅಪಾಯವೂ ಇದೆ. ಜಿಮ್‌ನಲ್ಲಿ ಪುಡಿಯನ್ನೋ ಕಷಾಯವನ್ನೋ ಮಾರುತ್ತಾ ‘ಇದರಿಂದ ಮಧುಮೇಹ, ಬೊಜ್ಜು, ಬಿಪಿ ವಾಸಿ’ ಎಂದು ಜಾಹೀರಾತು ಕೊಟ್ಟರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಗೆ ಸಿಕ್ಕಿಬೀಳುತ್ತೀರಿ. ಈ ಮೂರೂ ಅದರ ಪಟ್ಟಿಯಲ್ಲಿವೆ.

ಇನ್ನು ₹4,999ರ ಪಕ್ಕದ ನಕ್ಷತ್ರ. ಕೆಳಗೆ ಇರುವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ ‘ಮೊದಲ 20 ಮಂದಿಗೆ, ನೋಂದಣಿ ಶುಲ್ಕ ಪ್ರತ್ಯೇಕ’ ಎಂದಿದ್ದರೆ ನಡೆಯದು. ಜಾಹೀರಾತುಗಳ ಬಗೆಗಿನ ಕೇಂದ್ರದ 2022ರ ಮಾರ್ಗಸೂಚಿಯ ಪ್ರಕಾರ ಷರತ್ತು ಮೂಲ ಮಾತಿನ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ, ಕಣ್ಣಿಗೆ ಕಾಣುವಂತೆ ಇರಬೇಕು. ಮೇಲೆ ಹೇಳಿದ್ದನ್ನು ಕೆಳಗೆ ಅಲ್ಲಗಳೆಯುವಂತಿಲ್ಲ. ಹಾಗಾಗಿ ನೋಂದಣಿ, ತೆರಿಗೆ ಎಲ್ಲ ಸೇರಿಸಿ ಸದಸ್ಯರು ಕೊಡಬೇಕಾದ ಮೊತ್ತವನ್ನೇ ದೊಡ್ಡದಾಗಿ ಹಾಕಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪಾದರೆ 50 ಲಕ್ಷದವರೆಗೆ. ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಈಗ ಫ್ಲೆಕ್ಸ್ ಹೀಗಾಯಿತು: ‘ಕಳೆದ ಜನವರಿಯಲ್ಲಿ ಸೇರಿದ 40 ಮಂದಿಯಲ್ಲಿ 18 ಮಂದಿ ಮೂರು ತಿಂಗಳು ಬಿಡದೆ ಬಂದರು. ಅವರಲ್ಲಿ 11 ಮಂದಿ 3ರಿಂದ 6 ಕೆಜಿ ಇಳಿದರು. ಶುಗರ್, ಬಿಪಿ ಇದ್ದವರು ಡಾಕ್ಟರನ್ನು ಕೇಳಿ ಬನ್ನಿ. ವರ್ಷಕ್ಕೆ ಎಲ್ಲ ಸೇರಿ ₹6,500.’

ಕೊನೆಯದಾಗಿ, ಕೌಂಟರಿನ ಮಾತೂ ಟ್ರೇನರ್‌ನ ವಾಟ್ಸ್‌ಆ್ಯಪ್ ಸ್ಟೇಟಸ್ಸೂ ಇದಕ್ಕೆ ಹೊಂದಬೇಕು. ‘ತಿಂಗಳಿಗೆ ಹದಿನೈದು ಕೆಜಿ ಇಳೀತದೇನ್ರಿ?’ ಎಂದು ಯಾರಾದರೂ ಕೇಳಿದರೆ ‘ಇಲ್ರಿ ಅಕ್ಕಾ, ಎರಡ್-ಮೂರ್ ಕೆಜಿ ಇಳಿದ್ರ ಛಲೋ’ ಎನ್ನುವ ಧೈರ್ಯ ಹುಡುಗರಿಗೆ ಇರಬೇಕು. ಪ್ರತಿ ಅಡ್ಮಿಷನ್‌ಗೆ ಕಮಿಷನ್ ಕೊಡುತ್ತಿದ್ದರೆ ಆ ಧೈರ್ಯ ಬರುವುದು ಕಷ್ಟ. ಸೇರಿದವರು ಮೂರನೇ ತಿಂಗಳೂ ಬರುತ್ತಿದ್ದರೆ ಮಾತ್ರ ಕಮಿಷನ್ ಎಂದು ಬದಲಾಯಿಸಿ.