ಕಣ ಕೆರೆಯೋದು ಕಂಡರೆ ಪಿರಿಯಾಪಟ್ಟಣಕ್ಕೆ ಫೋನ್

ಕೊಡಗಿನಲ್ಲಿ ಮನೆ ಕಟ್ಟುವವರಿಗೆ ವರ್ಷಕ್ಕೆ ಏಳು ತಿಂಗಳು ಮಾತ್ರ ಇರುತ್ತದೆ. ಕಾವೇರಿ ಸಂಕ್ರಮಣ ಮುಗಿದ ಮೇಲೆ ಪಾಯ ತೆಗೆದರೆ, ಮೇ ಕೊನೆಯೊಳಗೆ ಮಾಡು ಮುಚ್ಚಿ ಹೊರಗೋಡೆಗೆ ಗಾರೆ ಆಗಿರಬೇಕು. ಆಮೇಲೆ ಮಳೆ. ಒಳಗಿನ ಕೆಲಸವನ್ನು ಮಳೆಯಲ್ಲೂ ಮಾಡಬಹುದು, ಹೊರಗಿನದನ್ನು ಆಗುವುದಿಲ್ಲ. ಅಕ್ಟೋಬರ್‌ನಲ್ಲಿ ಕಳೆದುಕೊಂಡ ಹತ್ತು ದಿನ ಜೂನ್‌ಗೆ ಬಂದಾಗ ನಾಲ್ಕು ತಿಂಗಳಾಗಿರುತ್ತದೆ.

ಸಿದ್ದಾಪುರದ ಹತ್ತಿರ ಒಂದು ತೋಟದ ಮನೆ ಕೆಲಸಕ್ಕೆ ನಾನು ರಿಸ್ಕ್ ರಿಜಿಸ್ಟರ್ ಬರೆದೆ, ಅಂದರೆ ಕೆಲಸಕ್ಕೆ ಏನೇನು ತೊಂದರೆ ಬರಬಹುದು, ಬಂದರೆ ಯಾರು ಏನು ಮಾಡಬೇಕು ಅನ್ನುವ ಪಟ್ಟಿ. ಕೆಳಗೆ ತಾರಸಿ, ಮೇಲಂತಸ್ತಿಗೆ ಕಬ್ಬಿಣದ ಟ್ರಸ್ಸು, ಅದರ ಮೇಲೆ ಮಂಗಳೂರು ಹೆಂಚು. ಓನರ್ ಬೆಂಗಳೂರಿನಲ್ಲಿ. ಸೈಟಿನಲ್ಲಿ ನನ್ನ ಸೂಪರ್‌ವೈಸರ್ ಹುಡುಗ ಒಬ್ಬ, ಗಾರೆ ಮೇಸ್ತ್ರಿ ಒಬ್ಬರು. ನಾನು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ.

ಮೊದಲ ಸಲ ಬರೆದದ್ದು ಕಂಪ್ಯೂಟರಿನಲ್ಲಿ, ಟ್ರೈನಿಂಗ್‌ನಲ್ಲಿ ಕಲಿಸಿದ ಹಾಗೆ. 23 ಸಾಲು. ಸಾಧ್ಯತೆಗೆ ಒಂದರಿಂದ ಐದು ಅಂಕ, ಪರಿಣಾಮಕ್ಕೆ ಒಂದರಿಂದ ಐದು, ಎರಡನ್ನೂ ಗುಣಿಸಿ ಕೆಂಪು, ಹಳದಿ, ಹಸಿರು ಬಣ್ಣ. ನೋಡುವುದಕ್ಕೆ ಚೆನ್ನಾಗಿತ್ತು. ಅದರಲ್ಲಿ ಒಂದು ಸಾಲು ಹೀಗಿತ್ತು: "ಕೂಲಿಯವರ ಕೊರತೆ. ಸಾಧ್ಯತೆ 4. ಪರಿಣಾಮ 5. ಮುನ್ಸೂಚನೆ: ಜನ ಕೆಲಸಕ್ಕೆ ಬರದಿರುವುದು. ಜವಾಬ್ದಾರಿ: ಕಾಂಟ್ರಾಕ್ಟರ್."

ಮೇಸ್ತ್ರಿಗೆ ಓದಿ ಹೇಳಿದೆ. "ಜನ ಬಾರದೆ ಇದ್ದರೆ ಅದು ಸೂಚನೆ ಎಂಥದ್ದು ಸಾರ್, ಅದೇ ಅಲ್ವಾ ತೊಂದರೆ?" ಅಂದರು. ಅವರು ಹೇಳಿದ್ದು ಸರಿ. ಅದರ ಹಿಂದಿನ ಕೆಲಸದಲ್ಲಿ ಇದೇ ಕಾರಣಕ್ಕೆ ನಾನು 19 ದಿನ ಕಳೆದುಕೊಂಡಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಹನ್ನೊಂದು ಜನರ ಜಾಗದಲ್ಲಿ ನಾಲ್ಕು ಜನ. ಉಳಿದವರೆಲ್ಲ ಕಾಫಿ ಕೊಯ್ಲಿಗೆ. ಅವರ ತಪ್ಪೂ ಅಲ್ಲ. ಕೊಯ್ಲಿನಲ್ಲಿ ಕೆಜಿ ಲೆಕ್ಕ, ಗಂಡ ಹೆಂಡತಿ ಇಬ್ಬರೂ ಹೋದರೆ ನಮ್ಮ ದಿನಗೂಲಿಗಿಂತ ಜಾಸ್ತಿ ಸಿಗುತ್ತದೆ.

ಆವತ್ತು ರಾತ್ರಿ ಅಂಕಗಳ ಕಾಲಂ ಎರಡನ್ನೂ ಅಳಿಸಿ ಹಾಕಿದೆ. ಅದರ ಜಾಗಕ್ಕೆ ಒಂದೇ ಒಂದು ಕಾಲಂ ಸೇರಿಸಿದೆ: "ಪರಿಹಾರಕ್ಕೆ ಎಷ್ಟು ದಿನ ಬೇಕು?"

ಈ ಒಂದು ಪ್ರಶ್ನೆಯಿಂದ ಉಳಿದದ್ದೆಲ್ಲ ತಾನಾಗಿ ಬಂತು. ಪಿರಿಯಾಪಟ್ಟಣದ ಕಡೆಯಿಂದ ಬೇರೆ ಗಾರೆ ತಂಡ ತರಿಸುವುದು ನಮ್ಮ ಪರಿಹಾರ. ಅದಕ್ಕೆ ಎಷ್ಟು ದಿನ? ಫೋನ್ ಮಾಡಬೇಕು, ಅವರು ಕೈಯಲ್ಲಿರುವ ಕೆಲಸ ಮುಗಿಸಬೇಕು, ಅಡ್ವಾನ್ಸ್ ಕೊಡಬೇಕು, ಉಳಿಯುವುದಕ್ಕೆ ಶೆಡ್ಡು, ನೀರು, ಕರೆಂಟು ಮಾಡಬೇಕು. ಹತ್ತು ದಿನ ಬೇಕು, ಒಮ್ಮೊಮ್ಮೆ ಹನ್ನೆರಡು. ಹಾಗಾದರೆ ಜನ ಹೋಗುವುದಕ್ಕೆ ಹನ್ನೆರಡು ದಿನ ಮುಂಚೆ ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕು. ಒಂದು ವಾರ ಮುಂಚೆ ಕಾಣುವ ಸೂಚನೆ ನನಗೆ ಉಪಯೋಗವಿಲ್ಲ.

ಮೇಸ್ತ್ರಿಯನ್ನೇ ಕೇಳಿದೆ. ಅವರು ಯೋಚನೆಯನ್ನೂ ಮಾಡಲಿಲ್ಲ. "ಪಕ್ಕದ ತೋಟದಲ್ಲಿ ಕಣ ಕೆರೆಯಲಿಕ್ಕೆ ಶುರು ಮಾಡ್ತಾರಲ್ಲ, ಅದರಿಂದ ಎರಡು ವಾರ." ಕೊಯ್ಲಿಗೆ ಮುಂಚೆ ಕಾಫಿ ಒಣಗಿಸುವ ಕಣದ ಹುಲ್ಲು ಕೆರೆದು, ಬಿರುಕು ಮುಚ್ಚಿ, ತೊಳೆದು ಇಡುತ್ತಾರೆ. ಹಣ್ಣು ಕೆಂಪಾಗಿದೆಯೋ ಇಲ್ಲವೋ ಅಂತ ನೋಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಕಣ ಕೆರೆಯುವುದು ರಸ್ತೆಯಿಂದಲೇ ಕಾಣುತ್ತದೆ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ಕೊಯ್ಲು ಯಾವ ವಾರ ಅಂತಲೂ ಹೇಳುತ್ತಾರೆ.

ಹೊಸ ಸಾಲು ಹೀಗಾಯಿತು: "ಕೊಯ್ಲಿಗೆ ಜನ ಹೋಗುವುದು. ಪರಿಹಾರಕ್ಕೆ ಬೇಕಾದ ದಿನ: 12. ಸೂಚನೆ: ಸುತ್ತಲಿನ ಮೂರು ತೋಟಗಳಲ್ಲಿ ಯಾವುದಾದರೂ ಒಂದರಲ್ಲಿ ಕಣ ಕೆರೆಯುವುದು, ಅಥವಾ ಬಟವಾಡೆ ದಿನ ಬಿಟ್ಟು ಇಬ್ಬರಿಗಿಂತ ಹೆಚ್ಚು ಜನ ಬಾಕಿ ಲೆಕ್ಕ ಚುಕ್ತಾ ಮಾಡಿ ಅಂತ ಕೇಳುವುದು. ನೋಡುವವರು: ಸೂಪರ್‌ವೈಸರ್, ದಿನಾ ಸೈಟಿಗೆ ಬರುವಾಗ. ಮಾಡುವವರು: ಸೂಪರ್‌ವೈಸರ್. ಅದೇ ದಿನ ಪಿರಿಯಾಪಟ್ಟಣದ ಮೇಸ್ತ್ರಿಗೆ ಫೋನ್, 15,000 ರೂಪಾಯಿ ಅಡ್ವಾನ್ಸ್, ಯಾರನ್ನೂ ಕೇಳಬೇಕಾಗಿಲ್ಲ."

ಕೊನೆಯ ಆ ಮಾತಿಗೆ ಓನರ್ ಜೊತೆ ಅರ್ಧ ಗಂಟೆ ವಾದ ಆಯಿತು. "ಹುಡುಗನ ಕೈಗೆ ಅಷ್ಟು ದುಡ್ಡಾ?" ಅಂದರು. ನಮ್ಮ ಸೈಟಿನಲ್ಲಿ ಫೋನ್ ಸಿಗ್ನಲ್ ಸಿಗಬೇಕಾದರೆ ಗೇಟಿನವರೆಗೆ ನಡೆಯಬೇಕು. ಹುಡುಗ ನನಗೆ ಮಾಡಿ, ನಾನು ಓನರ್‌ಗೆ ಮಾಡಿ, ಅವರು ಮೀಟಿಂಗ್ ಮುಗಿಸಿ ವಾಪಸ್ ಮಾಡುವಷ್ಟರಲ್ಲಿ ಎರಡು ದಿನ ಹೋಗುತ್ತದೆ. ಹನ್ನೆರಡರಲ್ಲಿ ಎರಡು. ಕೆಲಸ ಮಾಡುವವನ ಹೆಸರು ಬರೆದು, ಮಾಡುವುದಕ್ಕೆ ದುಡ್ಡು ಕೊಡದೆ ಇದ್ದರೆ ಆ ಸಾಲು ಸುಮ್ನೆ ಬರೆದ ಹಾಗೆ. ಕೊನೆಗೆ ಒಪ್ಪಿದರು, ಬಿಲ್ಲು ಫೋಟೋ ಕಳಿಸಬೇಕು ಅನ್ನುವ ಷರತ್ತಿನ ಮೇಲೆ.

ಡಿಸೆಂಬರ್ 18ಕ್ಕೆ ಹುಡುಗ ಕಣ ಕೆರೆಯುವುದನ್ನು ನೋಡಿದ. ಮಧ್ಯಾಹ್ನದೊಳಗೆ ಫೋನ್ ಆಯಿತು, ಅಡ್ವಾನ್ಸ್ ಹೋಯಿತು. ಡಿಸೆಂಬರ್ 30ಕ್ಕೆ ಏಳು ಜನರ ತಂಡ ಬಂತು. ಜನವರಿ 4ರಂದು ನಮ್ಮ ಹನ್ನೊಂದರಲ್ಲಿ ಆರು ಜನ ಬರಲಿಲ್ಲ. ಜನವರಿ 10ಕ್ಕೆ ಹಾಕಬೇಕಿದ್ದ ತಾರಸಿಯ ಕಾಂಕ್ರೀಟು ಮೋಲ್ಡು 13ಕ್ಕೆ ಬಿತ್ತು. ಮೂರೇ ದಿನ ತಡ. ಹಾಗಂತ ಎಲ್ಲ ಸಲೀಸಾಗಲಿಲ್ಲ. ಹೊಸ ತಂಡ ಕಟ್ಟಿದ ಒಂದು ಗೋಡೆ ತೂಕದ ಗುಂಡು ಇಳಿಬಿಟ್ಟು ನೋಡಿದರೆ ನೆಟ್ಟಗಿರಲಿಲ್ಲ, ಬಿಚ್ಚಿ ಕಟ್ಟಿಸಿದೆವು. ಜನ ಹೋಗದೇ ಇದ್ದಿದ್ದರೆ ಆ ಅಡ್ವಾನ್ಸು ದಂಡವಾಗುತ್ತಿತ್ತು. ಅದು ಗೊತ್ತಿದ್ದೇ ಬರೆದದ್ದು.

ಎರಡನೇ ಸಾಲಿನ ಕಥೆ ಬೇರೆ. ಮುಂದಿನ ಸಿಟೌಟಿಗೆ ಸಣ್ಣ ಮೋಲ್ಡು ಇತ್ತು, ಮಾರ್ಚ್ ಎರಡನೇ ವಾರದಲ್ಲಿ. ಮಾರ್ಚ್ ಅಂದರೆ ಹೂಮಳೆ, ಕಾಫಿ ಹೂ ಅರಳಿಸುವ ಮಳೆ. ಕಾಫಿ ಬೆಳೆಗಾರರು ಅದಕ್ಕೆ ಆಕಾಶ ನೋಡುತ್ತಾ ಕೂತಿರುತ್ತಾರೆ, ಊರಲ್ಲಿ ಅದು ಬೇಡ ಅನ್ನುವವರು ನಾವು ಮಾತ್ರ. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಮೇಲಿನ ಸಿಮೆಂಟ್ ಹಾಲು ತೊಳೆದು ಹೋಗಿ ಮರಳು ಕಾಣುತ್ತದೆ. ಆಮೇಲೆ ಸೋರುವುದಕ್ಕೆ ಅಲ್ಲಿಂದಲೇ ಶುರು.

ಈ ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ, ಗುಡುಗಿನ ಜೊತೆ ಬರುತ್ತದೆ. ಹಾಗಾಗಿ ಸೂಚನೆ: ಹಿಂದಿನ ಸಂಜೆ ಆರು ಗಂಟೆಗೆ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯಲ್ಲಿ ಕೊಡಗಿಗೆ ಗುಡುಗು ಮಳೆ ಅಂತ ಇರುವುದು. ಮಾಡುವವರು: ಮೇಸ್ತ್ರಿ. ಮಾಡಬೇಕಾದದ್ದು: ಬೆಳಿಗ್ಗೆ ಐದೂವರೆಗೆ ಮಿಕ್ಸರ್ ಶುರು, ಮಧ್ಯಾಹ್ನ ಒಂದರೊಳಗೆ ಮುಗಿಸುವುದು, ಟಾರ್ಪಾಲು ಮೊದಲೇ ಸೈಟಿನಲ್ಲಿ ಇರುವುದು.

ಶನಿವಾರ ಬಟವಾಡೆ ಹೊತ್ತಿನಲ್ಲಿ ನಾವು ಈ ಸಾಲುಗಳನ್ನು ಬರೆದಿಟ್ಟ ಪುಸ್ತಕ ತೆಗೆದು ಹತ್ತು ನಿಮಿಷ ಓದುತ್ತಿದ್ದೆವು. ಈ ಸಾಲು ಓದಿದಾಗ ಹುಡುಗ ಕೇಳಿದ, "ಸಾರ್, ಐದೂವರೆಗೆ ಜನ ಹೇಗೆ ಬರೋದು? ಆನೆ ಸಾಲಿನಲ್ಲಿ ಬೇರೆ ಬರೆದಿದ್ದೀರಲ್ಲ." ನಿಜ. ಮೂರು ಸಾಲು ಕೆಳಗೆ ನಾನೇ ಬರೆದಿದ್ದೆ: ಆನೆ ತೋಟದಲ್ಲಿ ಇದೆ ಅಂತ ಸುದ್ದಿ ಬಂದರೆ ಬೆಳಕು ಹರಿದು ಏಳು ಗಂಟೆಯಾಗುವವರೆಗೆ ಯಾರೂ ನಡೆದು ಬರಬಾರದು. ಒಂದು ಸಾಲಿನ ಪರಿಹಾರ ಇನ್ನೊಂದು ಸಾಲಿನ ಅಪಾಯವಾಗಿ ಕೂತಿತ್ತು. ಒಂದೊಂದೇ ಸಾಲನ್ನು ಓದಿದರೆ ಇದು ಗೊತ್ತಾಗುವುದಿಲ್ಲ. ಆವತ್ತಿನಿಂದ ಪ್ರತಿ ಪರಿಹಾರವನ್ನೂ ಉಳಿದ ಸಾಲುಗಳ ಪಕ್ಕ ಇಟ್ಟು ಓದುವುದು ರೂಢಿಯಾಯಿತು. ಮೋಲ್ಡಿನ ಹಿಂದಿನ ರಾತ್ರಿ ಎಲ್ಲರೂ ಸೈಟಿನ ಶೆಡ್ಡಿನಲ್ಲೇ ಉಳಿಯುವುದು ಅಂತ ತಿದ್ದಿದೆವು. ಕೋಳಿ ಸಾರಿನ ಖರ್ಚು ನನ್ನದು. ಮೋಲ್ಡು ಒಂದು ಗಂಟೆಗೆ ಮುಗಿಯಿತು, ನಾಲ್ಕಕ್ಕೆ ಮಳೆ ಬಂತು. ಅಷ್ಟರಲ್ಲಿ ಕಾಂಕ್ರೀಟು ಬಿಗಿ ಹಿಡಿದಿತ್ತು, ಮೇಲೆ ಟಾರ್ಪಾಲೂ ಇತ್ತು.

ಓನರ್ ಬಗ್ಗೆಯೂ ಒಂದು ಸಾಲು ಇತ್ತು. ಬರೆಯುವುದಕ್ಕೆ ಸ್ವಲ್ಪ ಧೈರ್ಯ ಬೇಕಾಯಿತು. ಕಿಟಕಿ ಯಾವ ಮರದ್ದು, ಟೈಲ್ಸ್ ಯಾವ ಬಣ್ಣ ಅನ್ನುವುದು ಬೆಂಗಳೂರಿನಿಂದ ಬರುವಷ್ಟರಲ್ಲಿ ಇಲ್ಲಿ ಆಚಾರಿ ಬೇರೆ ಕೆಲಸ ಹಿಡಿದಿರುತ್ತಾರೆ. ಸೂಚನೆ: ಸ್ಯಾಂಪಲ್ ಫೋಟೋ ಕಳಿಸಿ ಐದು ದಿನವಾದರೂ ಉತ್ತರ ಇಲ್ಲ. ಮಾಡುವವರು ಅನ್ನುವ ಜಾಗದಲ್ಲಿ ಮೊದಲು ಓನರ್ ಹೆಸರನ್ನೇ ಬರೆದಿದ್ದೆ. ತಡ ಮಾಡುವವರಿಗೇ ತಡ ಸರಿಪಡಿಸುವ ಕೆಲಸ ಕೊಟ್ಟರೆ ಆಗುತ್ತದೆಯೇ? ಕೊನೆಗೆ ಅಮ್ಮತ್ತಿಯಲ್ಲಿರುವ ಅವರ ಅಕ್ಕನಿಗೆ ಆ ಅಧಿಕಾರ ಕೊಡಿಸಿದೆವು. ಆರನೇ ದಿನ ಅವರು ಬಂದು ನೋಡಿ, "ಇದು ಸಾಕು" ಅಂದರೆ ಅದೇ ಕೊನೆ. ಎರಡು ಸಲ ಬಂದರು. ಮೂರನೇ ಸಲದಿಂದ ಬೆಂಗಳೂರಿನ ಉತ್ತರ ಎರಡೇ ದಿನದಲ್ಲಿ ಬರತೊಡಗಿತು.

23 ಸಾಲು ಕೊನೆಗೆ ಏಳಾಯಿತು. ಕಣ್ಣಿಗೆ ಕಾಣುವ ಸೂಚನೆ ಸಿಗದೆ ಇದ್ದದ್ದನ್ನು ಸೂಚನೆಯಾಗಿ ಬರೆಯಲಿಲ್ಲ. ಅಂಥವಕ್ಕೆ ತಾರೀಕು ಹಾಕಿದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ಲಾರಿಗಳನ್ನು, ಮರಳಿನ ಸಾಗಾಟವನ್ನು ನಿಲ್ಲಿಸುವುದುಂಟು. ಆದೇಶ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಹವಾಮಾನ ಇಲಾಖೆ ಕೇರಳಕ್ಕೆ ಮುಂಗಾರು ಯಾವಾಗ ಅಂತ ಮೇ ಮಧ್ಯದಲ್ಲಿ ಹೇಳುತ್ತದೆ. ಅದನ್ನೂ ಕಾಯದೆ, ಮೇ 10ಕ್ಕೆ ಒಳಗಿನ ಗಾರೆಗೆ ಬೇಕಾದ ಎಂ ಸ್ಯಾಂಡ್ ಅಷ್ಟೂ ಸೈಟಿನಲ್ಲಿ ಇರಬೇಕು ಅಂತ ಬರೆದು ಮುಗಿಸಿದೆ.

ಪುಸ್ತಕದಲ್ಲಿ ಇಲ್ಲದ್ದೇ ನಮಗೆ ಹೊಡೆಯಿತು. ಏಪ್ರಿಲ್‌ನಲ್ಲಿ ಒಂದು ಗಾಳಿ ಮಳೆಗೆ ಸಿಲ್ವರ್ ಮರ ಲೈನಿನ ಮೇಲೆ ಬಿತ್ತು. ನಾಲ್ಕು ದಿನ ಕರೆಂಟಿಲ್ಲ. ಟ್ರಸ್ಸಿನ ವೆಲ್ಡಿಂಗ್ ಅರ್ಧಕ್ಕೆ ನಿಂತಿತು. ವೆಲ್ಡಿಂಗ್ ಮೆಷಿನ್ ಎಳೆಯುವ ಜನರೇಟರ್ ಸುತ್ತಮುತ್ತ ಸಿಗದೆ, ಮೂರನೇ ದಿನ ಕುಶಾಲನಗರದಿಂದ ಬಾಡಿಗೆಗೆ ತಂದೆವು. ಕೊಡಗಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿ ಮರ ಬೀಳುವುದನ್ನು ಮರೆತಿದ್ದೆ. ಮಳೆಗಾಲದ ವಿಷಯ ಅಂತ ತಲೆಯಲ್ಲಿ ಕೂತಿತ್ತು. ಹುಡುಗ ಆ ಶನಿವಾರ ಎಂಟನೇ ಸಾಲು ಬರೆದ: ವೆಲ್ಡಿಂಗ್ ಶುರುವಾಗುವ ದಿನ ಜನರೇಟರಿನವನ ನಂಬರು, ಬಾಡಿಗೆ ರೇಟು ಎರಡೂ ಪುಸ್ತಕದಲ್ಲಿ ಇರಬೇಕು.

ಏಪ್ರಿಲ್ 20ಕ್ಕೆ ಮುಗಿಯಬೇಕಿದ್ದ ಹೆಂಚು 27ಕ್ಕೆ ಮುಗಿಯಿತು. ಹಿಂದಿನ ಗೋಡೆಯ ಗಾರೆಗೆ ಮಾತ್ರ ಸಮಯ ಸಿಗಲಿಲ್ಲ. ನೀಲಿ ಟಾರ್ಪಾಲು ಕಟ್ಟಿ ಮಳೆಗಾಲ ಕಳೆದೆವು, ಅಕ್ಟೋಬರ್‌ನಲ್ಲಿ ಬಂದು ಮುಗಿಸಿದೆವು. ಅದೇ ಪುಸ್ತಕ ಈಗ ಮುಂದಿನ ಸೈಟಿನ ಶೆಡ್ಡಿನಲ್ಲಿದೆ, ಮೊದಲಿಗೆ ಕಣದ ಸಾಲು, ಕೊನೆಗೆ ಜನರೇಟರಿನದ್ದು.