ವಾಚ್ 168 ಎಂದಿತು, ಎದೆಪಟ್ಟಿ 135 ಎಂದಿತು

ಪುಣೆಯ ನಮ್ಮ ಓಟದ ಗುಂಪಿನಲ್ಲಿ ಧಾರವಾಡ, ವಿಜಯಪುರದ ಕಡೆಯವರೇ ಹೆಚ್ಚು. ಎಲ್ಲರ ಕೈಯಲ್ಲೂ ಒಳ್ಳೆಯ ವಾಚ್ ಇದೆ. ನಾನು ಸುಮಾರು ಆರು ಸಾವಿರ ಕೊಟ್ಟು, ಎದೆಗೆ ಕಟ್ಟಿಕೊಂಡು ಎದೆಬಡಿತ ಅಳೆಯುವ ಎದೆಪಟ್ಟಿ ತಂದಾಗ ಗುಂಪಿನ ಕಾಕಾ ಒಬ್ಬರು, "ವಾಚಿನಲ್ಲೇ ಎಲ್ಲ ಬರುತ್ತದಲ್ಲ, ಇದಕ್ಕೆ ಯಾಕೆ ಮತ್ತೆ ದುಡ್ಡು ಸುರಿದೆ?" ಎಂದರು. ಈಗ ಅದೇ ಪಟ್ಟಿಯನ್ನು ಕಡ ಕೇಳುವವರಲ್ಲಿ ಅವರೇ ಮೊದಲಿಗರು.

ಕಾರಣ ಅವರದೇ ಪ್ರಕರಣ. ಪಾಷಾಣ ರಸ್ತೆಯಲ್ಲಿ ಮಾತನಾಡುತ್ತ ನಿಧಾನವಾಗಿ ಓಡುವಾಗಲೂ ಅವರ ವಾಚ್ ಎದೆಬಡಿತ ನಿಮಿಷಕ್ಕೆ 166ರಿಂದ 170 ಎಂದು ತೋರಿಸುತ್ತಿತ್ತು. ಗಾಬರಿಯಾಗಿ ಆಸ್ಪತ್ರೆಗೆ ಹೋದರು, ಟ್ರೆಡ್‌ಮಿಲ್ ಪರೀಕ್ಷೆಗೆ ಎರಡು ಸಾವಿರದಷ್ಟು ಕೊಟ್ಟರು, ವರದಿ ಸರಿಯಾಗಿಯೇ ಬಂತು. ಓಟವನ್ನು ಇನ್ನೂ ನಿಧಾನ ಮಾಡಿದರೂ ಅಂಕಿ ಇಳಿಯಲಿಲ್ಲ. ನನಗೆ ಅನುಮಾನ ಬಂದದ್ದು ಅಲ್ಲೇ. ವೇಗ ಇಳಿದರೆ ಎದೆಬಡಿತ ಇಳಿಯಬೇಕು. ಆದರೆ ಹೆಜ್ಜೆಯ ಲಯ ಅಷ್ಟಾಗಿ ಇಳಿಯುವುದಿಲ್ಲ. ಅವರ ಓಟದ ದಾಖಲೆ ತೆಗೆದು ನೋಡಿದೆ. ನಿಮಿಷಕ್ಕೆ ಹೆಜ್ಜೆಗಳು 168! ಕೈ ಬೀಸಿದಾಗಲೆಲ್ಲ ಚರ್ಮದಡಿಯ ರಕ್ತವೂ ಅದೇ ಲಯದಲ್ಲಿ ಅಲುಗುತ್ತದೆ, ವಾಚಿನ ಹಸಿರು ಬೆಳಕು ಅದನ್ನೇ ನಾಡಿ ಎಂದು ಹಿಡಿದುಕೊಳ್ಳುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಓದುವುದರಿಂದ ಹೆಜ್ಜೆಯ ಲಯಕ್ಕೆ ಮರುಳಾಗುವುದಿಲ್ಲ.

ಕಾಕಾ ಒಪ್ಪಲಿಲ್ಲ. ಹಾಗಾಗಿ ಇಬ್ಬಗೆಯ ದಾಖಲೆ ಮಾಡಿದೆ: ಪಟ್ಟಿಯನ್ನು ಮೊಬೈಲಿಗೆ ಜೋಡಿಸಿದೆ, ವಾಚ್ ತನ್ನ ಪಾಡಿಗೆ ಓದಲು ಬಿಟ್ಟೆ. ಪಟ್ಟಿಯನ್ನು ವಾಚಿಗೇ ಜೋಡಿಸಿದರೆ ಅದು ತನ್ನ ಬೆಳಕಿನ ಓದನ್ನು ಬದಿಗಿಟ್ಟು ಪಟ್ಟಿಯದನ್ನೇ ಬರೆದುಕೊಳ್ಳುತ್ತದೆ, ಆಗ ಹೋಲಿಸಲು ಏನೂ ಉಳಿಯುವುದಿಲ್ಲ. ಮೊದಲ ಒಂದೆರಡು ಪ್ರಯತ್ನಗಳು ವ್ಯರ್ಥವಾದವು. ಡಿಸೆಂಬರಿನ ಒಣ ಚಳಿ, ಮೈಮೇಲೆ ಪಾಲಿಯೆಸ್ಟರ್ ಟೀ ಶರ್ಟ್. ಬೆವರು ಬರುವವರೆಗೆ ಪಟ್ಟಿಯೇ 200 ದಾಟಿಸಿ ತೋರಿಸಿತು. ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತಿನ ಕಾಟ ಅದು. ಪಟ್ಟಿಯ ಒಳಬದಿಯನ್ನು ಒದ್ದೆ ಮಾಡಿ ಕಟ್ಟಿದ ಮೇಲೆ ಹೋಯಿತು. ನಾನು ಬರೀ ನೀರು ಹಚ್ಚುವುದಿಲ್ಲ. ಏನು ಹಚ್ಚುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲಿನ ಓಟದಲ್ಲಿ ವಾಚ್ 168, ಪಟ್ಟಿ 135ರ ಆಸುಪಾಸು. ಅದೇ ವೇಗದಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಹಾಕಿಸಿದೆ, ಲಯ 180ಕ್ಕೆ ಏರಿತು. ವಾಚ್ ಬೆನ್ನಟ್ಟಿ 180ರ ಹತ್ತಿರ ಹೋಯಿತು, ಪಟ್ಟಿ ನಾಲ್ಕೈದು ಬಡಿತವಷ್ಟೇ ಮೇಲೇರಿತು. ಓಟ ನಿಲ್ಲಿಸಿದಾಗ ವಾಚ್ ಕೆಲವೇ ಕ್ಷಣಗಳಲ್ಲಿ 115ಕ್ಕೆ ಬಿತ್ತು. ಹೃದಯ ಹಾಗೆ ಮೆಟ್ಟಿಲು ಹಾರಿದಂತೆ ಇಳಿಯುವುದಿಲ್ಲ. ಪಟ್ಟಿ ಇಲ್ಲದವರು ಈ ಎರಡು ಗುರುತುಗಳಿಂದಲೇ ಪತ್ತೆ ಮಾಡಬಹುದು.

ಸಿಂಹಗಡದಲ್ಲಿ ಇನ್ನೂ ಸೊಗಸಾಗಿ ಕಾಣಿಸಿತು. ಏರುವಾಗ ಹೆಜ್ಜೆ ನಿಧಾನ, ಬಡಿತ ಜೋರು. ಎರಡಕ್ಕೂ ಅಂತರ ದೊಡ್ಡದು, ಹಾಗಾಗಿ ವಾಚ್ ಪಟ್ಟಿಯಿಂದ ಮೂರ್ನಾಲ್ಕು ಬಡಿತಕ್ಕಿಂತ ಆಚೀಚೆ ಹೋಗಲಿಲ್ಲ. ಓಡುತ್ತ ಇಳಿಯುವಾಗ ಬಡಿತ 120ಕ್ಕೆ ಇಳಿದಿದ್ದರೂ ವಾಚ್ 160 ಬಿಟ್ಟು ಕೆಳಗೆ ಬರಲಿಲ್ಲ.

ಜೋರಾಗಿ ಓಡಿ, ನಡುನಡುವೆ ಸುಧಾರಿಸಿಕೊಳ್ಳುವ 400 ಮೀಟರ್ ಇಂಟರ್ವಲ್‌ಗಳಲ್ಲಿ ತೊಂದರೆ ಬೇರೆ ಬಗೆಯದು. ವಾಚ್ ಸುಮಾರು ಇಪ್ಪತ್ತು, ಮೂವತ್ತು ಸೆಕೆಂಡು ಹಿಂದೆ ಬೀಳುತ್ತದೆ. ನಾವು ಸುಧಾರಿಸಿಕೊಳ್ಳುವಾಗ ಅದರ ಅಂಕಿ ತುದಿ ಮುಟ್ಟಿರುತ್ತದೆ. ಇಡೀ ಓಟದ ಸರಾಸರಿ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬರುತ್ತದೆ, ಬಹಳ ಜನ ಅದನ್ನು ನೋಡಿಯೇ ವಾಚನ್ನು ನಂಬಿಬಿಡುತ್ತಾರೆ.

ಕುತೂಹಲಕ್ಕೆ ಗಣೇಶೋತ್ಸವದ ಮುಂಚಿನ ಢೋಲ್ ಅಭ್ಯಾಸಕ್ಕೂ ಎರಡನ್ನೂ ಕಟ್ಟಿಕೊಂಡು ಹೋದೆ. ಕೋಲು ಹಿಡಿದ ಕೈಯಲ್ಲಿ ವಾಚ್ ಇದ್ದಾಗ ಅಂಕಿಗೆ ತಲೆಬುಡವಿರಲಿಲ್ಲ, ಇನ್ನೊಂದು ಕೈಗೆ ಬದಲಿಸಿದರೂ ಅಷ್ಟೇನೂ ಸುಧಾರಿಸಲಿಲ್ಲ. ಮಣಿಕಟ್ಟು ಬಾಗುವ, ಮುಷ್ಟಿ ಬಿಗಿಯುವ ಕೆಲಸಗಳಿಗೆ ವಾಚನ್ನು ನಂಬುವುದನ್ನು ಅಂದೇ ಬಿಟ್ಟೆ. ಜಿಮ್ಮಿನ ಡಂಬೆಲ್‌ಗೂ ಈ ಮಾತು ಸಲ್ಲುತ್ತದೆ.

ಹಾಗೆಂದು ವಾಚನ್ನು ಮೂಲೆಗೆ ಹಾಕಿಲ್ಲ. ನಿದ್ದೆಗೆ, ನಡಿಗೆಗೆ, ಬೆಚ್ಚಗಿನ ದಿನದ ಸಮವೇಗದ ಓಟಕ್ಕೆ ಅದೇ ಸಾಕು. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ಮನೆಯಲ್ಲೇ ಕಟ್ಟಿ, ತೋಳು ಮುಚ್ಚಿ, ಮೈ ಬೆಚ್ಚಗಾದ ಮೇಲೆ ಹೊರಡುತ್ತೇನೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ದಿನಕ್ಕಿಂತ ಒಂದು ತೂತು ಬಿಗಿಯಾಗಿ. ಕಾಕಾ ಹಾಗೆ ಕಟ್ಟಿದ ಮೇಲೆ ಅವರ ವಾಚ್ ಹೆಜ್ಜೆಗೆ ಅಂಟಿಕೊಳ್ಳುವುದು ಅರ್ಧಕ್ಕರ್ಧ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಪಟ್ಟಿ ಕಡ ಕೊಡುವಾಗ ನನ್ನದು ಒಂದೇ ಷರತ್ತು: ಓಟ ಮುಗಿದೊಡನೆ ಸೆನ್ಸರನ್ನು ಪಟ್ಟಿಯಿಂದ ಬಿಡಿಸಬೇಕು. ಪಟ್ಟಿ ಒದ್ದೆಯಿದ್ದರೆ ಅದು ಇನ್ನೂ ಮೈಮೇಲೆ ಇದ್ದೇನೆ ಎಂದುಕೊಂಡು ಚಾಲೂ ಉಳಿಯುತ್ತದೆ, ವರ್ಷ ಬಾಳುವ ನಾಣ್ಯದಾಕಾರದ ಬ್ಯಾಟರಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಪಟ್ಟಿಯನ್ನು ತಣ್ಣೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ ಕೊಟ್ಟರೆ ಮುಂದಿನ ಭಾನುವಾರವೂ ಸಿಗುತ್ತದೆ.