ದರ ಇಳಿಸದೆ ಮೊದಲ ರಿವ್ಯೂ ಪಡೆದ ಬಗೆ

ನನ್ನದು ಪಾಡ್‌ಕಾಸ್ಟ್ ಎಡಿಟಿಂಗ್. ಫ್ರೀಲಾನ್ಸ್ ಕೆಲಸ ಸಿಗುವ ತಾಣವಾದ ಅಪ್‌ವರ್ಕ್‌ನಲ್ಲಿ ಹೊಸ ಪ್ರೊಫೈಲ್ ತೆರೆದಾಗ ಎಲ್ಲರೂ ಕೊಟ್ಟ ಸಲಹೆ ಒಂದೇ: ಮೊದಲ ಕೆಲವು ಕೆಲಸಗಳನ್ನು ಅರ್ಧ ದರಕ್ಕೆ ಮಾಡಿಕೊಡು, ರಿವ್ಯೂ ಬಂದ ಮೇಲೆ ಏರಿಸು. ನಾನು ಅದನ್ನು ಒಪ್ಪಲಿಲ್ಲ. ಅಲ್ಲಿ ಮುಗಿಸಿದ ಕೆಲಸದ ಪಕ್ಕದಲ್ಲೇ ಸಾಮಾನ್ಯವಾಗಿ ಅದಕ್ಕೆ ಸಿಕ್ಕ ಹಣವೂ ಕಾಣುತ್ತದೆ. ಇಡೀ ಎಪಿಸೋಡನ್ನು ಅರ್ಧ ದರಕ್ಕೆ ಮಾಡಿದರೆ ರಿವ್ಯೂ ಜೊತೆಗೆ ಆ ದರವೂ ಪ್ರೊಫೈಲ್ ಮೇಲೆ ಉಳಿಯುತ್ತದೆ. ಮುಂದಿನ ಗ್ರಾಹಕರು ಎರಡನ್ನೂ ಓದುತ್ತಾರೆ.

ಹಾಗಾಗಿ ದರವನ್ನು ಮುಟ್ಟದೆ ಕೆಲಸದ ಅಳತೆಯನ್ನು ಚಿಕ್ಕದು ಮಾಡಿದೆ. ಎಪಿಸೋಡಿನ ಮೊದಲ ಹತ್ತು ನಿಮಿಷವನ್ನಷ್ಟೇ ಎಡಿಟ್ ಮಾಡಿಕೊಡುವ ಆಲೋಚನೆ ಮೊದಲು ಬಂತು. ಆದರೆ ಅರ್ಧಕ್ಕೆ ನಿಂತ ಫೈಲನ್ನು ಯಾರೂ ಪ್ರಕಟಿಸಲಾರರು. ಪ್ರಕಟಿಸದ ಕೆಲಸದ ಬಗ್ಗೆ "ಚೆನ್ನಾಗಿತ್ತು" ಎನ್ನುವುದಕ್ಕಿಂತ ಹೆಚ್ಚು ಬರೆಯಲೂ ಆಗುವುದಿಲ್ಲ. ಚಿಕ್ಕದಾದರೂ ತನ್ನಷ್ಟಕ್ಕೆ ಪೂರ್ತಿಯಾದ ವಸ್ತು ಬೇಕಿತ್ತು. ಪಾಡ್‌ಕಾಸ್ಟ್‌ನಲ್ಲಿ ಅಂಥದ್ದು ಟ್ರೇಲರ್. ಗ್ರಾಹಕರು ಅದನ್ನು ಸಿಕ್ಕ ದಿನವೇ ಪ್ರಕಟಿಸಬಹುದು. ಮಾತು ಆರಿಸುವುದು, ಗದ್ದಲ ತೆಗೆಯುವುದು, ಧ್ವನಿಮಟ್ಟ ಸರಿಮಾಡುವುದು, ಹೀಗೆ ನನ್ನ ಕೈಚಳಕವೆಲ್ಲ ಅದರಲ್ಲೇ ಕೇಳಿಸುತ್ತದೆ.

ಆಫರಿನ ಗಡಿಗಳನ್ನು ಬಹಳ ಬಿಗಿಯಾಗಿ ಬರೆದೆ. ಗ್ರಾಹಕರು ಕೊಡುವ ರೆಕಾರ್ಡಿಂಗ್ 30 ನಿಮಿಷ ಮೀರಬಾರದು. ಸಿದ್ಧ ಟ್ರೇಲರ್ 90 ಸೆಕೆಂಡ್ ಒಳಗೆ. ಧ್ವನಿಮಟ್ಟ -16 LUFS, ಅಂದರೆ ಆ್ಯಪಲ್ ಪಾಡ್‌ಕಾಸ್ಟ್ಸ್ ಶಿಫಾರಸು ಮಾಡುವ ಮಟ್ಟ. ತಿದ್ದುಪಡಿ ಒಂದು ಸಲ. ಸಂಗೀತವನ್ನು ಗ್ರಾಹಕರೇ ಕೊಡಬೇಕು. ಬೆಲೆಯನ್ನು ಹೀಗೆ ಲೆಕ್ಕ ಹಾಕಿದೆ: ಪೂರ್ತಿ ಎಪಿಸೋಡಿಗೆ ನನಗೆ 5 ಗಂಟೆ ಹಿಡಿಯುತ್ತದೆ, ಟ್ರೇಲರಿಗೆ ಕೇಳುವುದು, ಮಾತುಕತೆ, ತಿದ್ದುಪಡಿ ಎಲ್ಲ ಸೇರಿ ಒಂದೂವರೆ ಗಂಟೆ. ಎಪಿಸೋಡಿನ ದರ 100 ಎಂದುಕೊಂಡರೆ ಟ್ರೇಲರಿನದು 30. ಗಂಟೆಯ ದರ ಎರಡಕ್ಕೂ ಒಂದೇ. ಮಾತುಕತೆಯ ಸಮಯವನ್ನು ಬಿಟ್ಟು ಲೆಕ್ಕ ಹಾಕಿದರೆ ಚಿಕ್ಕ ಕೆಲಸದಲ್ಲಿ ನಷ್ಟ ಖಚಿತ, ಏಕೆಂದರೆ ಫೈಲ್ ಚಿಕ್ಕದಾದಷ್ಟು ಮೆಸೇಜುಗಳು ಕಡಿಮೆಯಾಗುವುದಿಲ್ಲ.

ಯಾರಿಗೆ ಪ್ರಪೋಸಲ್ ಕಳಿಸಬೇಕು ಎಂಬುದು ಬೆಲೆಗಿಂತ ಮುಖ್ಯ ಎಂದು ನನಗನ್ನಿಸುತ್ತದೆ. ಗ್ರಾಹಕರ ಹಳೆಯ ಕೆಲಸಗಳ ಪಟ್ಟಿ ಅವರ ಜಾಹೀರಾತಿನ ಕೆಳಗೇ ಇರುತ್ತದೆ. ಹಿಂದಿನವರಿಗೆ ಎರಡು ಮೂರು ವಾಕ್ಯಗಳ ರಿವ್ಯೂ ಬರೆದವರನ್ನೇ ಆರಿಸಿದೆ. ಯಾರಿಗೂ ಏನೂ ಬರೆಯದವರು ನನಗೂ ಬರೆಯುವ ಸಂಭವ ಕಡಿಮೆ. "ಇದೊಂದನ್ನು ಕಡಿಮೆಗೆ ಮಾಡಿ, ಮುಂದೆ ತುಂಬ ಕೆಲಸವಿದೆ" ಎಂದು ಜಾಹೀರಾತಿನಲ್ಲೇ ಬರೆದವರನ್ನು ಬಿಟ್ಟೆ. ಮುಂದಿನ ಕೆಲಸವನ್ನೂ ಅದೇ ದರಕ್ಕೆ ಕೇಳುತ್ತಾರೆ ಎಂಬ ಸೂಚನೆ ಅದರಲ್ಲೇ ಇದೆ.

ಮೊದಲ ಗ್ರಾಹಕರು ಒಪ್ಪಿದ ಮೇಲೆ 30 ನಿಮಿಷದ ಬದಲು ಗಂಟೆಗೂ ಮೀರಿದ ರೆಕಾರ್ಡಿಂಗ್ ಕಳಿಸಿದರು. ಸುಮ್ಮನೆ ಮಾಡಿಕೊಟ್ಟಿದ್ದರೆ ಅಲ್ಲೇ ನನ್ನ ಗಂಟೆಯ ದರ ಇಳಿಯುತ್ತಿತ್ತು. ನಾನು ಬರೆದೆ: "ಈ ಆಫರ್ 30 ನಿಮಿಷದ ರೆಕಾರ್ಡಿಂಗಿಗೆ. ನಿಮಗೆ ಮುಖ್ಯವೆನಿಸಿದ ಭಾಗದ ಸಮಯ ಗುರುತಿಸಿ ಕೊಡಿ, ಅಷ್ಟರಲ್ಲೇ ಆರಿಸುತ್ತೇನೆ. ಪೂರ್ತಿ ಕೇಳಿ ಆರಿಸಬೇಕೆಂದರೆ ಅದಕ್ಕೆ ಬೇರೆ ಹಣದ ಹೆಚ್ಚುವರಿ ಮೈಲ್‌ಸ್ಟೋನ್ ಸೇರಿಸೋಣ." ಅವರು ಸಮಯ ಗುರುತಿಸಿ ಕಳಿಸಿದರು, ಬೇಸರವನ್ನೇನೂ ತೋರಿಸಲಿಲ್ಲ.

ಕೆಲಸ ಒಪ್ಪಿಸಿದ ಮೇಲಿನ ಹಂತದಲ್ಲಿ ಅನೇಕರಿಗೆ ರಿವ್ಯೂ ತಪ್ಪುತ್ತದೆ. ಹಣ ಬಂದರೂ ಕಾಂಟ್ರಾಕ್ಟ್ ತೆರೆದೇ ಇದ್ದರೆ ರಿವ್ಯೂ ಬರೆಯುವ ಅವಕಾಶ ಸಾಮಾನ್ಯವಾಗಿ ಬರುವುದಿಲ್ಲ. ಅದು ಮುಗಿದ ಮೇಲೆ 14 ದಿನಗಳೊಳಗೆ ಬರೆಯಬೇಕು. ಆದ್ದರಿಂದ "ಈ ಕಾಂಟ್ರಾಕ್ಟ್ ಟ್ರೇಲರಿಗೆ ಮಾತ್ರ, ಮುಗಿದ ಕೂಡಲೇ ಮುಚ್ಚೋಣ, ಎಪಿಸೋಡುಗಳಿಗೆ ಬೇರೆಯದು ಮಾಡೋಣ" ಎಂದು ಶುರುವಿನಲ್ಲೇ ಹೇಳಿದ್ದೆ. ರಿವ್ಯೂ ಕೊಟ್ಟರೆ ರಿಯಾಯಿತಿ ಎನ್ನುವುದು ನಿಯಮಕ್ಕೆ ವಿರುದ್ಧ, ಅದಕ್ಕೆ ಕೈ ಹಾಕಬಾರದು. ಟ್ರೇಲರ್ ಪ್ರಕಟವಾದ ಮೇಲೆ ಇಷ್ಟೇ ಬರೆದೆ: "ಕಾಂಟ್ರಾಕ್ಟ್ ಮುಚ್ಚುವಾಗ, ಕೆಲಸ ನಿಮಗೆ ಹೇಗೆ ಅನುಕೂಲವಾಯಿತು ಅಥವಾ ಆಗಲಿಲ್ಲ ಎಂದು ಬರೆದರೆ ಮುಂದಿನ ಗ್ರಾಹಕರಿಗೆ ಸಹಾಯವಾಗುತ್ತದೆ." ಗ್ರಾಹಕರ ಬಗ್ಗೆ ನನ್ನ ರಿವ್ಯೂವನ್ನು ನಾನೂ ಕೂಡಲೇ ಬರೆದೆ, ಏಕೆಂದರೆ ಇಬ್ಬರೂ ಬರೆಯುವ ತನಕ ಅಥವಾ ಆ 14 ದಿನ ಮುಗಿಯುವ ತನಕ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಬಂದ ರಿವ್ಯೂನಲ್ಲಿ ಅವರು ಆಯ್ದ ಮಾತುಗಳ ಬಗ್ಗೆಯೂ ಧ್ವನಿಯ ಸ್ವಚ್ಛತೆಯ ಬಗ್ಗೆಯೂ ಬಿಡಿಸಿ ಬರೆದಿದ್ದರು. ಆಮೇಲೆ ಎಪಿಸೋಡಿನ ಕೆಲಸ ಕೊಟ್ಟಾಗ ದರದ ಚರ್ಚೆ ಬರಲಿಲ್ಲ. ಟ್ರೇಲರಿನ ಬೆಲೆಯ ಜೊತೆಗೇ ಎಪಿಸೋಡಿನ ದರವನ್ನೂ ಹೇಳಿದ್ದೆ. ಟ್ರೇಲರ್ ಆಫರನ್ನು ನಾನು ಇನ್ನೂ ತೆಗೆದಿಲ್ಲ. ಗಂಟೆಯ ಲೆಕ್ಕದಲ್ಲಿ ಅದು ನನಗೆ ಉಳಿದ ಕೆಲಸಗಳಷ್ಟೇ ಕೊಡುತ್ತದೆ.